ಒಂದೇ ಸುದ್ದಿ, ಮೂರು ಬರಹ

ಸಾಗರದ ಕಡೆಯ ಒಂದು ಮನೆ ಉದ್ದಿಮೆ ಎಂದಿಟ್ಟುಕೊಳ್ಳಿ. ಈ ವರ್ಷದ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿಗೆ ಬಂದಿದೆ. ಮನೆಯವರು ಇಪ್ಪತ್ತು ಸಾಲಿನ ಪ್ರಕಟಣೆ ಬರೆದು ಅದನ್ನೇ ಇನ್‌ಸ್ಟಾಗ್ರಾಂ, ಎಕ್ಸ್, ವಾಟ್ಸ್‌ಆ್ಯಪ್ ಚಾನೆಲ್ ಮೂರಕ್ಕೂ ಅಂಟಿಸುತ್ತಾರೆ. ಇನ್‌ಸ್ಟಾಗ್ರಾಂನಲ್ಲಿ ಕೊನೆಯ ಸಾಲಿನ ಲಿಂಕ್ ಒತ್ತಿದರೂ ತೆರೆಯುವುದಿಲ್ಲ. ಎಕ್ಸ್‌ನ ಉಚಿತ ಖಾತೆ ಅಷ್ಟುದ್ದ ಬರಹವನ್ನು ಒಪ್ಪುವುದೇ ಇಲ್ಲ. ಚಾನೆಲ್‌ನಲ್ಲಿ ಓದಿದವರು ‘ನನಗೆರಡು ಬಾಟಲಿ’ ಎಂದು ಉತ್ತರಿಸಲು ಹೋದರೆ ಬರೆಯುವ ಜಾಗವೇ ಸಿಗುವುದಿಲ್ಲ.

ಹಾಗಾಗಿ ಮೊದಲು ಬರೆಯಬೇಕಾದದ್ದು ಪ್ರಕಟಣೆಯಲ್ಲ, ಒಂದು ಚೀಟಿ. ಅರ್ಧ ಕೆಜಿ ಬಾಟಲಿ, ಬೆಲೆ ₹320, ಕೊರಿಯರ್ ಖರ್ಚು ಬೇರೆ, ಮೇ 12ರಿಂದ ರವಾನೆ, ಆರ್ಡರ್ ಈ ನಂಬರಿಗೆ. ಮೂರೂ ಬರಹಗಳಲ್ಲಿ ಇವು ಅಕ್ಷರಶಃ ಒಂದೇ ಇರಬೇಕು. ಬದಲಾಗಬೇಕಾದದ್ದು ಯಾವುದು ಮೊದಲು ಕಣ್ಣಿಗೆ ಬೀಳುತ್ತದೆ, ಓದಿದವರು ಮುಂದೆ ಏನು ಮಾಡಬಲ್ಲರು ಎಂಬುದು.

ಇನ್‌ಸ್ಟಾಗ್ರಾಂನಲ್ಲಿ ಮೊದಲು ಬೀಳುವುದು ಚಿತ್ರ. ಭರಣಿಯಿಂದ ಮಿಡಿ ತೆಗೆಯುತ್ತಿರುವ ಕೈ, ಅದರ ತೊಟ್ಟು, ಕೆಂಪು ಖಾರ ಕಂಡರೆ ಬೆರಳು ನಿಲ್ಲುತ್ತದೆ. ಚಿತ್ರದ ಕೆಳಗೆ 2,200 ಅಕ್ಷರ ಬರೆಯಬಹುದಾದರೂ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ಒತ್ತಿದವರಿಗೆ. ‘ನಮ್ಮ ಸಂಸ್ಥೆಯು ಹರ್ಷದಿಂದ ತಿಳಿಸುವುದೇನೆಂದರೆ’ ಎಂದು ಶುರುಮಾಡಿದರೆ ಆ ಜಾಗ ಹರ್ಷದಲ್ಲೇ ಮುಗಿಯಿತು. ‘ಸೊನೆಯ ಪರಿಮಳ ಆರದ ಅಪ್ಪೆಮಿಡಿ. ಅರ್ಧ ಕೆಜಿ ₹320’ ಎಂದರೆ ಸಾಕು. ಲಿಂಕ್ ಇರಬೇಕಾದದ್ದು ಪ್ರೊಫೈಲ್‌ನಲ್ಲಿ, ಅಥವಾ ಸ್ಟೋರಿಗೆ ಅಂಟಿಸುವ ಲಿಂಕ್ ಸ್ಟಿಕರ್‌ನಲ್ಲಿ. ಬೆಲೆಯನ್ನು ಚಿತ್ರದ ಮೇಲೆಯೇ ದೊಡ್ಡದಾಗಿ ಬರೆಯುವ ಅಭ್ಯಾಸ ನನಗೆ ಸರಿ ಕಾಣುವುದಿಲ್ಲ. ಅಡಿಬರಹವನ್ನು ಆಮೇಲೆ ತಿದ್ದಬಹುದು, ಹಾಕಿದ ಚಿತ್ರವನ್ನು ಬದಲಿಸಲಾಗದು. ‘ನಾಳೆಯಿಂದ ರವಾನೆ’ ಎಂದೂ ಬರೆಯಬೇಡಿ. ಪೋಸ್ಟು ಕೆಲವರಿಗೆ ಎರಡು ದಿನ ತಡವಾಗಿ ಕಾಣುತ್ತದೆ, ಅವರ ನಾಳೆಯೇ ಬೇರೆ.

ಎಕ್ಸ್‌ನಲ್ಲಿ ಕನ್ನಡದವರಿಗೆ ಎದುರಾಗುವುದು ಎಣಿಕೆಯ ತೊಡಕು. ಉಚಿತ ಖಾತೆಗೆ 280 ಅಕ್ಷರದ ಮಿತಿ. ಆದರೆ ಅದು ಎಣಿಸುವುದು ನಾವು ಎಣಿಸುವ ಅಕ್ಷರಗಳನ್ನಲ್ಲ. ಗುಣಿತದ ಚಿಹ್ನೆ, ವಿರಾಮದ ಚಿಹ್ನೆ, ಒತ್ತಾಗಿ ಕೂರುವ ವ್ಯಂಜನ ಎಲ್ಲವೂ ಅಲ್ಲಿ ಬೇರೆ ಬೇರೆ ಲೆಕ್ಕ. ‘ಉಪ್ಪಿನಕಾಯಿ’ ನಮ್ಮ ಕಣ್ಣಿಗೆ ಉ, ಪ್ಪಿ, ನ, ಕಾ, ಯಿ ಎಂಬ ಐದು ಅಕ್ಷರ. ಎಕ್ಸ್‌ಗೆ ಅದು ಹತ್ತು, ಏಕೆಂದರೆ ‘ಪ್ಪಿ’ ಒಂದರಲ್ಲೇ ನಾಲ್ಕಿವೆ. ಲಿಂಕ್ ಎಷ್ಟೇ ಉದ್ದವಿದ್ದರೂ 23ಕ್ಕೆ ಸಮ. ಆದ್ದರಿಂದ ಇಲ್ಲಿ ವಿಶೇಷಣಗಳಿಗೆ ಜಾಗವಿಲ್ಲ:

‘ಈ ವರ್ಷದ ಅಪ್ಪೆಮಿಡಿ ಉಪ್ಪಿನಕಾಯಿ ಸಿದ್ಧ. ಅರ್ಧ ಕೆಜಿ ₹320, ಕೊರಿಯರ್ ಬೇರೆ. ಸಾಗರದಿಂದ ಮೇ 12ರಿಂದ ರವಾನೆ. ಆರ್ಡರ್ ಮಾಡಲು:’ ಮುಂದೆ ಲಿಂಕ್.

ಇದನ್ನು ಯಾರೋ ಮರುಹಂಚಿದಾಗ ನಿಮ್ಮ ಹೆಸರೇ ಕೇಳದವರೂ ಓದುತ್ತಾರೆ, ಆದ್ದರಿಂದ ಊರಿನ ಹೆಸರು ಬಿಡುವಂತಿಲ್ಲ. ಉಚಿತ ಖಾತೆಯವರು ಹಾಕಿದ್ದನ್ನು ತಿದ್ದಲಾಗದು, ಅಳಿಸಿ ಹೊಸದಾಗಿ ಹಾಕಬೇಕು. ಒತ್ತುವ ಮುನ್ನ ಬೆಲೆ ಮತ್ತು ತಾರೀಖನ್ನು ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸುವುದು ಒಳ್ಳೆಯದು.

ವಾಟ್ಸ್‌ಆ್ಯಪ್ ಚಾನೆಲ್ 2023ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಬಂತು. ಸೇರಿದವರು ನಿಮ್ಮ ಉಪ್ಪಿನಕಾಯಿ ಉಂಡವರೇ ಇರಬಹುದು, ಪರಿಚಯದ ಮಾತು ಬೇಡ. ಆದರೆ ಅವರು ನಗುಮುಖವನ್ನೋ ಹೆಬ್ಬೆಟ್ಟನ್ನೋ ಒತ್ತಬಲ್ಲರು, ಮಾತಿನಲ್ಲಿ ಉತ್ತರಿಸಲಾರರು. ಹಾಗಾಗಿ ಆರ್ಡರ್ ದಾರಿ ಸಂದೇಶದೊಳಗೇ ಇರಬೇಕು: `https://wa.me/91` ಆದ ಮೇಲೆ ಅಂಗಡಿಯ ಹತ್ತಂಕಿಯ ನಂಬರನ್ನು ಬಿಡುವಿಲ್ಲದೆ ಸೇರಿಸಿದರೆ ಲಿಂಕ್ ಸಿದ್ಧ, ಒತ್ತಿದವರು ನೇರ ನಿಮ್ಮ ಚಾಟ್‌ಗೆ ಬರುತ್ತಾರೆ. ಬೆಲೆಯ ಎರಡೂ ಬದಿಗೆ ನಕ್ಷತ್ರ ಹಾಕಿ `*₹320*` ಎಂದು ಬರೆದರೆ ದಪ್ಪಕ್ಷರವಾಗುತ್ತದೆ. ಒಂದು ಸಂದೇಶಕ್ಕೆ ಒಂದೇ ದಪ್ಪಕ್ಷರ ಸಾಕು.

ಇಲ್ಲಿಂದ ಸುದ್ದಿ ಫಾರ್ವರ್ಡ್ ಆಗುವುದು ಕುಟುಂಬದ ಗುಂಪುಗಳಿಗೆ. ಅತ್ತೆ ಕಳಿಸಿದ್ದನ್ನು ನೋಡಿದ ಮುಂಬೈಯ ಸೊಸೆಗೆ ಹಿಂದಿನ ಸಂದೇಶಗಳು ಗೊತ್ತಿರುವುದಿಲ್ಲ, ಆದ್ದರಿಂದ ‘ಮೊನ್ನೆ ಹೇಳಿದಂತೆ’ ಎಂಬ ಮಾತು ಸಲ್ಲ.

ಅದೇ ಲಿಂಕ್‌ನ ಕೊನೆಗೆ `?text=X` ಎಂದು ಸೇರಿಸಿದರೆ ಒತ್ತಿದವರ ಚಾಟ್‌ನಲ್ಲಿ ಆ ಅಕ್ಷರ ಮೊದಲೇ ಬರೆದಿರುತ್ತದೆ. ಇನ್‌ಸ್ಟಾಗ್ರಾಂನ ಲಿಂಕ್‌ಗೆ `?text=IG`, ಚಾನೆಲ್‌ನದಕ್ಕೆ `?text=WA` ಇಡಿ. ಗಿರಾಕಿ ಅದನ್ನು ಅಳಿಸದೆ ಕಳಿಸಿದರೆ ಆರ್ಡರ್ ಎಲ್ಲಿಂದ ಬಂತೆಂದು ತಿಳಿಯುತ್ತದೆ. ಲೈಕುಗಳ ಸಂಖ್ಯೆಗಿಂತ ನಾನು ನಂಬುವುದು ಈ ಲೆಕ್ಕವನ್ನು.

ಸರಕು ಮುಗಿದ ದಿನವೂ ಮೂರು ಕಡೆ ಮೂರು ಕೆಲಸ. ಇನ್‌ಸ್ಟಾಗ್ರಾಂ ಅಡಿಬರಹದ ಮೊದಲ ಸಾಲಿಗೆ ‘ಮುಗಿದಿದೆ’ ಎಂದು ಸೇರಿಸಿ. ಎಕ್ಸ್‌ನಲ್ಲಿ ಹಳೆಯ ಪೋಸ್ಟಿನ ಕೆಳಗೇ ಉತ್ತರವಾಗಿ ಹಾಕಿ. ಚಾನೆಲ್‌ನಲ್ಲಿ ಹಳೆಯ ಸಂದೇಶ ತಿದ್ದುವುದರ ಜೊತೆಗೆ ಹೊಸದೊಂದನ್ನೂ ಕಳಿಸಿ, ಹಳೆಯದನ್ನು ಓದಿ ಮುಗಿಸಿದವರು ಮತ್ತೆ ಅಲ್ಲಿಗೆ ಹೋಗಿ ನೋಡುವುದಿಲ್ಲ.