ದೂರದಿಂದಲೂ ಕಲ್ಲೆನಿಸುವ ಗೋಡೆ

ಗೇಮ್‌ಗಳಲ್ಲಿ ಕಾಣುವ ಕೋಟೆಯ ಗೋಡೆ ಎಷ್ಟೋ ಸಲ ಬರೀ ಚಪ್ಪಟೆ ಹಲಗೆ. ಅದರ ಮೈಗೆ ಹೊದಿಸುವ ಚಿತ್ರಕ್ಕೆ ಟೆಕ್ಸ್‌ಚರ್ ಎನ್ನುತ್ತಾರೆ. 2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಇಂಥ ಚಿತ್ರಗಳನ್ನು ಕೈಯಿಂದ ಬರೆಯುವ ಶೈಲಿಗೆ ಹೆಸರಾಯಿತು. ಇಲ್ಲಿ ಬೆಳಕು ನೆರಳುಗಳೂ ಬಣ್ಣದಲ್ಲೇ ಸೇರಿರುತ್ತವೆ. ಕಲ್ಲು ಉಬ್ಬಿದಂತೆ ಕಾಣುವುದು ಅದರಿಂದಲೇ.

ತೊಡಕಿರುವುದು ದೂರದಲ್ಲಿ. ಗೋಡೆ ಹಿಂದೆ ಸರಿದಂತೆ ಗೇಮ್ ಅದೇ ಚಿತ್ರದ ಕುಗ್ಗಿದ ಪ್ರತಿಗಳನ್ನು ಬಳಸುತ್ತದೆ: 512 ಪಿಕ್ಸೆಲ್ ಅಗಲದ್ದು 256 ಆಗುತ್ತದೆ, ಆಮೇಲೆ 128, 64. ಪ್ರತಿ ಸಲವೂ ಅಕ್ಕಪಕ್ಕದ ಬಣ್ಣಗಳು ಬೆರೆತು ಸರಾಸರಿಯಾಗುತ್ತವೆ. 4 ಪಿಕ್ಸೆಲ್ ದಪ್ಪದ ಸಂದು 64ರ ಪ್ರತಿಯಲ್ಲಿ ಅರ್ಧ ಪಿಕ್ಸೆಲ್‌ಗೆ ಇಳಿದು ಕಲ್ಲಿನ ಬಣ್ಣದಲ್ಲಿ ಕರಗಿಹೋಗುತ್ತದೆ, ಗೋಡೆ ಬೂದು ಬಟ್ಟೆಯಂತಾಗುತ್ತದೆ. ಅದೇ ಸಂದು 16 ಪಿಕ್ಸೆಲ್ ಇದ್ದರೆ 2 ಪಿಕ್ಸೆಲ್ ಉಳಿಯುತ್ತದೆ, ಕಲ್ಲುಗಳು ಬಿಡಿಬಿಡಿಯಾಗಿ ಕಾಣುತ್ತವೆ.

ಆದ್ದರಿಂದ 512ರ ಚಿತ್ರದಲ್ಲಿ ನಾಲ್ಕೈದು ಸಾಲು ಕಲ್ಲು ಸಾಕು. ಮೊದಲು ಎರಡೇ ಬಣ್ಣ: ಸಂದಿಗೆ ಗಾಢವಾದದ್ದು, ಕಲ್ಲಿಗೆ ನಡುಮಟ್ಟದ್ದು. ಕೆಲವು ಕಲ್ಲು ಉದ್ದ, ಕೆಲವು ಗಿಡ್ಡ, ಮೂಲೆಗಳು ಸವೆದವು. ಚಿತ್ರವನ್ನು 64 ಪಿಕ್ಸೆಲ್‌ಗೆ ಕುಗ್ಗಿಸಿ ನೋಡುವುದು ಈ ಹಂತದಲ್ಲೇ ಆಗಬೇಕು. ಇಲ್ಲಿ ಕಲ್ಲು ಕಾಣದಿದ್ದರೆ ಮುಂದೆ ಎಷ್ಟು ಬಿರುಕು ಬರೆದರೂ ಕಾಣುವುದಿಲ್ಲ.

ಬೆಳಕು ಮೇಲಿನಿಂದಲೇ ಬೀಳಬೇಕು. ಒಂದೇ ಚಿತ್ರ ಕೋಟೆಯ ನಾಲ್ಕೂ ಮಗ್ಗುಲಿಗೆ ಹೋಗುತ್ತದೆ. ಎಡದಿಂದ ಬೆಳಗಿಸಿದರೆ ಪ್ರತಿ ಮಗ್ಗುಲಿಗೂ ಬೇರೆ ಸೂರ್ಯ ಇದ್ದಂತಾಗುತ್ತದೆ. ಒಂದು ಕಲ್ಲನ್ನೇ ಹತ್ತಿರದಿಂದ ನೋಡಬಹುದು. ಮೇಲಂಚಿಗೆ ಸ್ವಲ್ಪ ಹಳದಿ ಬೆರೆತ ತಿಳಿಬಣ್ಣದ ಗೆರೆ, ಅದೂ ಅಲ್ಲಲ್ಲಿ ಕಡಿದು, ಸವೆದ ಮೂಲೆಯಲ್ಲಿ ದಪ್ಪವಾಗಿ. ಮುಖದ ಮೇಲ್ಭಾಗ ತುಸು ತಿಳಿ, ಕೆಳಗಿಳಿದಂತೆ ಗಾಢ. ಕೆಳಂಚಿನಲ್ಲಿ ನೀಲಿ ಛಾಯೆಯ ನೆರಳು, ಅದರಡಿಯ ಸಂದು ಎಲ್ಲಕ್ಕಿಂತ ಕಡು. ಅಚ್ಚ ಕಪ್ಪು ಬೇಡ, ಅದು ಗೋಡೆಯಲ್ಲಿ ತೂತು ಬಿದ್ದಂತೆ ಕಾಣುತ್ತದೆ. ಸುತ್ತಲೂ ಒಂದೇ ಸಮ ಕಪ್ಪಾಗಿಸಿ ನಡುವೆ ಬೆಳಗಿಸುವುದು ಕಲಿಯುವವರ ಸಾಮಾನ್ಯ ತಪ್ಪು. ಆಗ ಕಲ್ಲಿನ ಬದಲು ಸಾಲಾಗಿ ಜೋಡಿಸಿದ ದಿಂಬುಗಳು ಕಾಣುತ್ತವೆ.

ಬಿರುಕು, ಗುಳಿಗಳು ಕೊನೆಗೆ, ಮೂರು ನಾಲ್ಕು ಕಲ್ಲಿಗಷ್ಟೇ. ಎಲ್ಲ ಕಡೆ ಚುಕ್ಕೆ ಹಾಕಿದರೆ ಹತ್ತಿರದಲ್ಲಿ ಕಣ್ಣಿಗೆ ಬಿಡುವಿರುವುದಿಲ್ಲ, ದೂರದಲ್ಲಿ ಅವು ಬೆರೆತು ಕಲ್ಲಿನ ಬಣ್ಣವನ್ನೇ ಮಂಕಾಗಿಸುತ್ತವೆ.

ಉಳಿಯುವುದು ಪುನರಾವರ್ತನೆಯ ಪರೀಕ್ಷೆ. ಫೋಟೋಶಾಪ್‌ನ Offset ಫಿಲ್ಟರಿನಿಂದ ಚಿತ್ರವನ್ನು ಅಡ್ಡಕ್ಕೂ ಉದ್ದಕ್ಕೂ 256 ಪಿಕ್ಸೆಲ್ ಸರಿಸಿದರೆ ಅಂಚುಗಳು ನಡುವಿಗೆ ಬರುತ್ತವೆ. ಒಡೆದ ಜೋಡಣೆಯನ್ನು ಅಲ್ಲೇ ತಿದ್ದಬಹುದು. ಬಳಿಕ ಒಂಬತ್ತು ಪ್ರತಿಗಳನ್ನು ಮೂರು ಸಾಲಾಗಿ ಜೋಡಿಸಿ ದೂರದಿಂದ ನೋಡಬೇಕು. ಒಂದು ಕಲ್ಲು ಮಿಕ್ಕವಕ್ಕಿಂತ ಹೊಳಪಾಗಿದ್ದರೆ ಅದು ಒಂಬತ್ತು ಚುಕ್ಕೆಗಳಾಗಿ ಕಣ್ಣಿಗೆ ಹೊಡೆಯುತ್ತದೆ. ಗೋಡೆಯ ಬುಡದ ಕತ್ತಲನ್ನು ಚಿತ್ರದಲ್ಲೇ ಬರೆದಿದ್ದರೆ ಅಡ್ಡಪಟ್ಟೆಗಳು ಮೂಡುತ್ತವೆ. ಆ ಕತ್ತಲನ್ನು ಇಲ್ಲಿಂದ ತೆಗೆದು, ಗೋಡೆಯ ಮಾದರಿ ಸಿದ್ಧವಾದ ಮೇಲೆ ಅದರ ಬುಡಕ್ಕೆ ಬೇರೆಯಾಗಿ ಬಳಿಯುತ್ತಾರೆ.