ಓಟದ ನಡುವೆ ಕೈಕೊಡುವ ಹೊಟ್ಟೆ

2005ರ ಏಪ್ರಿಲ್ 17ರಂದು ನಡೆದ ಲಂಡನ್ ಮ್ಯಾರಥಾನಿನಲ್ಲಿ ಬ್ರಿಟನ್ನಿನ ಪೌಲಾ ರ‍್ಯಾಡ್‌ಕ್ಲಿಫ್ ಎಲ್ಲರಿಗಿಂತ ಬಹಳ ಮುಂದಿದ್ದರು. ಗುರಿ ಮುಟ್ಟಲು ಇನ್ನು ಆರೇಳು ಕಿಲೋಮೀಟರ್ ಇರುವಾಗ ಹೊಟ್ಟೆನುಲಿತ ತಡೆಯಲಾಗದೆ ರಸ್ತೆಯ ಅಂಚಿನ ತಡೆಬೇಲಿಯ ಪಕ್ಕ ಕೂತರು. ಜನ ನೋಡುತ್ತಿದ್ದರು, ಟಿವಿ ಕ್ಯಾಮೆರಾಗಳೂ ನೋಡುತ್ತಿದ್ದವು. ಕೆಲವೇ ಸೆಕೆಂಡುಗಳಲ್ಲಿ ಎದ್ದು ಮತ್ತೆ ಓಡಿದರು. 2 ಗಂಟೆ 17 ನಿಮಿಷ 42 ಸೆಕೆಂಡಿನಲ್ಲಿ ಓಟ ಮುಗಿಸಿ, ಎರಡನೆಯವರಿಗಿಂತ ಐದು ನಿಮಿಷಕ್ಕೂ ಹೆಚ್ಚು ಮೊದಲೇ ಗುರಿ ಮುಟ್ಟಿ ಗೆದ್ದರು.

ಜಗತ್ತಿನ ಅತ್ಯುತ್ತಮ ಓಟಗಾರ್ತಿಗೇ ಹೀಗಾಗುವುದಾದರೆ ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನ ಸುತ್ತ ಓಡುವವರಿಗೆ ಆಗುವುದರಲ್ಲಿ ಆಶ್ಚರ್ಯವಿಲ್ಲ. ದೂರದ ಓಟಗಾರರಲ್ಲಿ ಮೂರರಲ್ಲೊಬ್ಬರಿಂದ ಹಿಡಿದು ಅರ್ಧದಷ್ಟು ಮಂದಿಗೆ ಒಂದಲ್ಲ ಒಂದು ಬಗೆಯ ಹೊಟ್ಟೆಯ ತೊಂದರೆ ಇರುತ್ತದೆ ಎಂದು ಕ್ರೀಡಾವೈದ್ಯರು ಅಂದಾಜಿಸುತ್ತಾರೆ. ವಾಕರಿಕೆ, ಹೊಟ್ಟೆಯುಬ್ಬರ, ನುಲಿತ, ಕೊನೆಗೆ ಭೇದಿ. ಆದರೂ ಓಟದ ಗೆಳೆಯರು ಮೊಣಕಾಲು ನೋವಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಇದರ ಬಗ್ಗೆ ಬಾಯಿ ಬಿಡುವುದಿಲ್ಲ. ನಾಚಿಕೆಯಿಂದ ಮುಚ್ಚಿಟ್ಟಿದ್ದರಿಂದಲೇ ಸುಲಭವಾಗಿ ತಪ್ಪಿಸಬಹುದಾದ ಎಷ್ಟೋ ತೊಂದರೆಗಳು ವರ್ಷಗಟ್ಟಲೆ ಉಳಿದುಬಿಡುತ್ತವೆ.

ಓಡುವಾಗ ಹೊಟ್ಟೆಯೊಳಗೆ ನಡೆಯುವುದೇನು? ಕಾಲಿನ ಸ್ನಾಯುಗಳಿಗೆ ರಕ್ತ ಬೇಕು, ಬೆವರಿ ತಣಿಯಲು ಚರ್ಮಕ್ಕೂ ಬೇಕು. ದೇಹ ಅದನ್ನು ಹೊಟ್ಟೆ, ಕರುಳುಗಳ ಪಾಲಿನಿಂದ ತೆಗೆದುಕೊಡುತ್ತದೆ. ಬಿರುಸಾಗಿ ಓಡುವಾಗ ಕರುಳಿಗೆ ಹೋಗುವ ರಕ್ತ ಶೇಕಡಾ 80ರಷ್ಟು ಇಳಿಯಬಹುದು. ಹೀಗೆ ರಕ್ತ ಕಡಿಮೆಯಾದ ಕರುಳು ಅರಗಿಸುವುದರಲ್ಲೂ ನೀರು ಹೀರುವುದರಲ್ಲೂ ಸೋಲುತ್ತದೆ. ಹೀರದೆ ಉಳಿದ ಸಕ್ಕರೆ ತನ್ನತ್ತ ನೀರನ್ನು ಎಳೆದುಕೊಂಡು ಮಲವನ್ನು ತೆಳುವಾಗಿಸುತ್ತದೆ. ಇದರ ಮೇಲೆ ಪ್ರತಿ ಹೆಜ್ಜೆಗೂ ಬೀಳುವ ಕುಲುಕು ಬೇರೆ. ಸೈಕಲ್ ತುಳಿಯುವವರಿಗಿಂತ ಓಡುವವರಿಗೆ ಕೆಳಹೊಟ್ಟೆಯ ತೊಂದರೆ ಹೆಚ್ಚಾಗಲು ಈ ಕುಲುಕೂ ಒಂದು ಕಾರಣ. ಸ್ಪರ್ಧೆಯ ದಿನದ ಆತಂಕ ದೊಡ್ಡ ಕರುಳನ್ನು ಇನ್ನಷ್ಟು ಚುರುಕಾಗಿಸುತ್ತದೆ. ಬಿಸಿಲಿದ್ದು, ಮೈಯಲ್ಲಿ ನೀರೂ ಕಡಿಮೆಯಾಗಿದ್ದರೆ ಎಲ್ಲವೂ ಬಿಗಡಾಯಿಸುತ್ತದೆ.

ರಕ್ತದ ಹರಿವು, ಕುಲುಕು ಎರಡನ್ನೂ ಓಟಗಾರ ಬದಲಿಸಲಾರ. ಆ ಹೊತ್ತಿನಲ್ಲಿ ಕರುಳಿನೊಳಗೆ ಏನಿರಬೇಕು, ಎಷ್ಟಿರಬೇಕು ಎಂಬುದು ಮಾತ್ರ ಅವನ ಕೈಯಲ್ಲಿದೆ.

ಬೆಂಗಳೂರಿನಲ್ಲಿ ಹಾಫ್ ಮ್ಯಾರಥಾನ್ ಓಡಲಿರುವ ನಲವತ್ತರ ಆಸುಪಾಸಿನ ಒಬ್ಬರನ್ನು ಊಹಿಸಿಕೊಳ್ಳಿ. ಓಟ ಶುರುವಾಗುವುದು ಬೆಳಗಿನ ಐದೂವರೆಗೆ. ಶನಿವಾರ ಮಧ್ಯಾಹ್ನ ಅವರು ರಾಗಿಮುದ್ದೆ, ಹೆಸರುಕಾಳಿನ ಬಸ್ಸಾರು, ಸೊಪ್ಪಿನ ಪಲ್ಯ ಉಂಡರು. ರಾತ್ರಿ ಒಂಬತ್ತೂವರೆಗೆ ಮದುವೆಮನೆಯಲ್ಲಿ ಪೂರಿ, ಸಾಗು, ಮಾವಿನ ಹಣ್ಣಿನ ಸೀಕರಣೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ದೊಡ್ಡ ಲೋಟ ಹಾಲಿನ ಕಾಫಿ ಕುಡಿದು ಕಕ್ಕಸಿಗೆ ಹೋದರೂ ಸರಿಯಾಗಿ ಆಗಲಿಲ್ಲ. ಹೊತ್ತಾಯಿತೆಂದು ಓಡಿದರು. ಮೊಣಕಾಲು ನೋಯದಿರಲಿ ಎಂದು ಒಂದು ಐಬುಪ್ರೊಫೆನ್ ನುಂಗಿದ್ದರು. ಎಂಟನೆಯ ಕಿಲೋಮೀಟರಿನಲ್ಲಿ ಸ್ಟಾಲಿನಲ್ಲಿ ಕೊಟ್ಟ ಹೊಸ ಬ್ರ್ಯಾಂಡಿನ ಜೆಲ್ ತಿಂದು ಅದರ ಮೇಲೆ ಸ್ಪೋರ್ಟ್ಸ್ ಡ್ರಿಂಕ್ ಕುಡಿದರು. ಹದಿಮೂರರಲ್ಲಿ ನುಲಿತ ಶುರುವಾಯಿತು.

ಇಂಥವರು ಸಾಮಾನ್ಯವಾಗಿ ಬೈಯುವುದು ಜೆಲ್ಲನ್ನು. ಅದರ ಪಾಲೂ ಇದೆ ನಿಜ, ಆದರೆ ಕಥೆ ಶುರುವಾದದ್ದು ಶನಿವಾರ ಮಧ್ಯಾಹ್ನವೇ. ತಿಂದದ್ದು ಹೊರಬೀಳಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಹಾಗಾಗಿ ಭಾನುವಾರ ಬೆಳಿಗ್ಗೆ ದೊಡ್ಡ ಕರುಳಿನಲ್ಲಿರುವುದು ಶುಕ್ರವಾರ, ಶನಿವಾರದ ಊಟ. ರಾಗಿ, ಕಾಳು, ಸೊಪ್ಪುಗಳಲ್ಲಿ ನಾರು ಹೆಚ್ಚು. ಅವು ಮಲದ ಗಾತ್ರ ಹೆಚ್ಚಿಸುತ್ತವೆ, ಕಾಳುಗಳಂತೂ ಕರುಳಿನಲ್ಲಿ ಹುದುಗಿ ಗಾಳಿ ಎಬ್ಬಿಸುತ್ತವೆ. ವಾರದ ಬೇರೆ ದಿನಗಳಲ್ಲಿ ಇವು ಉಣ್ಣಲೇಬೇಕಾದ ಒಳ್ಳೆಯ ಆಹಾರ. ಓಟದ ಹಿಂದಿನ ಎರಡು ದಿನ ಮಾತ್ರ ಇವುಗಳ ಜಾಗಕ್ಕೆ ಬಿಳಿ ಅನ್ನ, ಇಡ್ಲಿ, ಉಪ್ಪಿಟ್ಟು ಬರಲಿ. ಸಾಂಬಾರಿನ ಬದಲು ತಿಳಿಸಾರು, ಪಲ್ಯಕ್ಕೆ ಸಿಪ್ಪೆ ಹೆರೆದು ಚೆನ್ನಾಗಿ ಬೇಯಿಸಿದ ಸೋರೆಕಾಯಿಯಂಥ ತರಕಾರಿ ಸಾಕು. ಕೆಲವರ ಹೊಟ್ಟೆಗೆ ಈರುಳ್ಳಿ, ಬೆಳ್ಳುಳ್ಳಿ, ಹಾಲು, ಮಾವು, ಗೋಧಿ ಆಗಿಬರುವುದಿಲ್ಲ. ಇವುಗಳಲ್ಲಿರುವ ಕೆಲವು ಬಗೆಯ ಸಕ್ಕರೆಗಳು ಸಣ್ಣ ಕರುಳಿನಲ್ಲಿ ಪೂರ್ತಿ ಹೀರಲ್ಪಡದೆ ಮುಂದೆ ಹೋಗುತ್ತವೆ. ಎಲ್ಲರಿಗೂ ಹಾಗಾಗುವುದಿಲ್ಲವಾದ್ದರಿಂದ ಯಾವುದು ತನಗೆ ಒಗ್ಗದು ಎಂದು ಪ್ರತಿಯೊಬ್ಬರೂ ತಾವೇ ಕಂಡುಕೊಳ್ಳಬೇಕು. ಸಕ್ಕರೆಯಿಲ್ಲದ ಚೂಯಿಂಗ್ ಗಮ್, ಪೆಪ್ಪರ್‌ಮಿಂಟುಗಳಲ್ಲಿ ಬಳಸುವ ಸಾರ್ಬಿಟಾಲ್ ಕೂಡ ಭೇದಿ ಮಾಡಿಸಬಲ್ಲದು.

ಪೂರಿಯ ಎಣ್ಣೆಯದು ಬೇರೆ ತೊಂದರೆ. ಜಿಡ್ಡು ಹೊಟ್ಟೆಯಿಂದ ಕೆಳಗಿಳಿಯಲು ಬಹಳ ಹೊತ್ತು ಹಿಡಿಯುತ್ತದೆ. ರಾತ್ರಿ ಏಳರೊಳಗೆ ಅನ್ನ, ತಿಳಿಸಾರು, ಒಗ್ಗುವವರಿಗೆ ಒಂದಿಷ್ಟು ಮೊಸರನ್ನ ಉಂಡು ಬೇಗ ಮಲಗಿದ್ದರೆ ಆ ಭಾರ ಇರುತ್ತಿರಲಿಲ್ಲ.

ಬೆಳಗಿನ ವಿಷಯವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ನಮ್ಮ ಊರುಗಳ ಓಟಗಳು ಕತ್ತಲಿರುವಾಗಲೇ ಶುರುವಾಗುತ್ತವೆ. ನಿದ್ದೆಯಲ್ಲಿ ದೊಡ್ಡ ಕರುಳು ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಎದ್ದ ಮೇಲೆ ಅದು ಚುರುಕಾಗುತ್ತದೆ, ಹೊಟ್ಟೆಗೆ ಏನಾದರೂ ಬಿದ್ದಾಗ ಇನ್ನಷ್ಟು ಚಲಿಸುತ್ತದೆ. ಐದೂವರೆಯ ಓಟಕ್ಕೆ ನಾಲ್ಕೂವರೆಗೆ ಎದ್ದವರ ಕರುಳು ಎಚ್ಚರಗೊಳ್ಳುವ ಹೊತ್ತಿಗೆ ಅವರು ರಸ್ತೆಯಲ್ಲಿರುತ್ತಾರೆ. ಆದ್ದರಿಂದ ಎದ್ದೇಳುವುದು ಮೂರಕ್ಕೆ, ತಡವೆಂದರೆ ಮೂರು ಕಾಲಕ್ಕೆ. ಮೊದಲು ಬಿಸಿನೀರು, ಆಮೇಲೆ ಎರಡು ಇಡ್ಲಿ ಅಥವಾ ಜಾಮ್ ಸವರಿದ ಎರಡು ಬಿಳಿ ಬ್ರೆಡ್ಡು. ಚಟ್ನಿ ಬೇಡ, ಚಿಟಿಕೆ ಉಪ್ಪು ಸಾಕು. ಕಾಫಿ ಕುಡಿಯುವ ರೂಢಿ ಇದ್ದವರು ಈಗಲೇ ಕುಡಿಯಲಿ. ಕೆಲವರಲ್ಲಿ ಕಾಫಿ ಕುಡಿದ ಕೆಲವೇ ನಿಮಿಷಗಳಲ್ಲಿ ದೊಡ್ಡ ಕರುಳು ಚಲಿಸತೊಡಗುತ್ತದೆ. ಓಟಕ್ಕೆ ಎರಡು ಗಂಟೆ ಮೊದಲು ಅದು ಸಹಾಯ, ಅರ್ಧ ಗಂಟೆ ಮೊದಲಾದರೆ ಅಪಾಯ. ಹಾಲು ಒಗ್ಗದವರಿಗೆ ಕಪ್ಪು ಕಾಫಿ. ಆಮೇಲೆ ಮನೆಯೊಳಗೇ ಹತ್ತು ನಿಮಿಷ ಓಡಾಡಿ, ಒತ್ತಡ ಬಂದಾಗ ಹೋಗಬೇಕು. ಮುಕ್ಕಿ ಕೂರುವುದರಿಂದ ಪ್ರಯೋಜನವಿಲ್ಲ.

ಅನುಭವಿಗಳು ಒಮ್ಮೆ ಹೋಗಿ ಬಂದದ್ದನ್ನು ನಂಬುವುದಿಲ್ಲ. ಓಟದ ಜಾಗವನ್ನು ಮುಕ್ಕಾಲು ಗಂಟೆ ಮೊದಲೇ ತಲುಪಿ, ಹತ್ತು ನಿಮಿಷ ಮೆಲ್ಲಗೆ ಓಡಿ, ನಡುನಡುವೆ ಮೂರು ನಾಲ್ಕು ಸಲ ಜೋರಾಗಿ ಓಡುತ್ತಾರೆ. ರಸ್ತೆಯಲ್ಲಿ ಆಗುವ ಕುಲುಕು ಇಲ್ಲೇ ಆಗಿಬಿಡುವುದರಿಂದ, ಉಳಿದದ್ದು ಏನಾದರೂ ಇದ್ದರೆ ಶೌಚಾಲಯ ಹತ್ತಿರವಿರುವಾಗಲೇ ಕರೆ ಬರುತ್ತದೆ. ಕೊನೆಯ ಹದಿನೈದು ನಿಮಿಷದಲ್ಲಿ ಮೊಬೈಲ್ ಟಾಯ್ಲೆಟ್ಟಿನ ಮುಂದೆ ಸಾಲು ಉದ್ದವಾಗುತ್ತದೆ, ಒಳಗೆ ನೀರು ಮುಗಿದಿರುವುದೂ ಉಂಟು. ಸಣ್ಣ ನೀರಿನ ಬಾಟಲಿ, ಟಿಶ್ಯೂ ಜೇಬಿನಲ್ಲಿರಲಿ.

ಇನ್ನು ಆ ಮಾತ್ರೆಯ ಸಂಗತಿ. ನೆದರ್‌ಲ್ಯಾಂಡ್ಸಿನ ಸಂಶೋಧಕರು ಆರೋಗ್ಯವಂತ ಸೈಕಲ್ ಪಟುಗಳಿಗೆ ವ್ಯಾಯಾಮಕ್ಕೆ ಮೊದಲು 400 ಮಿಲಿಗ್ರಾಂ ಐಬುಪ್ರೊಫೆನ್ ಕೊಟ್ಟು ನೋಡಿ, ಸಣ್ಣ ಕರುಳಿಗೆ ಆಗುವ ಹಾನಿ ಹೆಚ್ಚಾಗುವುದನ್ನು 2012ರಲ್ಲಿ ವರದಿ ಮಾಡಿದರು. ರಕ್ತ ಕಡಿಮೆಯಾಗಿ ಮೊದಲೇ ಸೊರಗಿದ ಕರುಳಿನ ಒಳಪದರವನ್ನು ಆ ಮಾತ್ರೆ ಇನ್ನಷ್ಟು ದುರ್ಬಲಗೊಳಿಸುತ್ತದೆ. ಓಟಕ್ಕೆ ಮುಂಚೆ ನೋವಿನ ಮಾತ್ರೆ ನುಂಗುವ ಅಭ್ಯಾಸವನ್ನು ಬಿಟ್ಟೇಬಿಡಬೇಕು.

ಕೊನೆಗೆ ಜೆಲ್ಲಿಗೆ ಬರೋಣ. ಸಾಮಾನ್ಯವಾಗಿ ಒಂದು ಪೊಟ್ಟಣದಲ್ಲಿ 20ರಿಂದ 25 ಗ್ರಾಂ ಸಕ್ಕರೆ ಇರುತ್ತದೆ. ಓಡುವಾಗ ಕರುಳು ಸುಲಭವಾಗಿ ಹೀರುವ ಪಾನೀಯದಲ್ಲಿ ಸಕ್ಕರೆಯ ಪ್ರಮಾಣ ಶೇಕಡಾ 6ರಿಂದ 8, ಅಂದರೆ ಲೀಟರಿಗೆ 60ರಿಂದ 80 ಗ್ರಾಂ. 25 ಗ್ರಾಮಿನ ಜೆಲ್ಲನ್ನು ಆ ಮಟ್ಟಕ್ಕೆ ತರಲು 300ರಿಂದ 400 ಮಿಲಿಲೀಟರ್ ನೀರು ಬೇಕು. ಒಂದು ಸಣ್ಣ ಪೇಪರ್ ಕಪ್ಪಿನ ನೀರು ಅದಕ್ಕೆ ಸಾಲದು. ನೀರಿನ ಬದಲು ಸ್ಪೋರ್ಟ್ಸ್ ಡ್ರಿಂಕ್ ಕುಡಿದರೆ ಸಕ್ಕರೆಗೆ ಇನ್ನಷ್ಟು ಸಕ್ಕರೆ ಸೇರುತ್ತದೆ. ಅರ್ಧ ಜೆಲ್ ಒಂದು ನೀರಿನ ಸ್ಟಾಲಿನಲ್ಲಿ, ಉಳಿದರ್ಧ ಮುಂದಿನದರಲ್ಲಿ, ಎರಡು ಕಡೆಯೂ ಬರೀ ನೀರಿನ ಜೊತೆ ತೆಗೆದುಕೊಳ್ಳುವುದು ಸರಿಯಾದ ದಾರಿ. ಎರಡು ಗಂಟೆಯ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಸಾಕು.

ಹೀಗೆ ಓಡುತ್ತಾ ತಿನ್ನುವುದಕ್ಕೂ ಕರುಳಿಗೆ ತಾಲೀಮು ಬೇಕು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು ಓಟಗಾರರಿಗೆ ಎರಡು ವಾರ ಓಡುವಾಗ ಸಕ್ಕರೆಯ ಆಹಾರ ಕೊಟ್ಟರು. ಆಮೇಲೆ ನೋಡಿದರೆ ಅವರ ಹೊಟ್ಟೆಯ ತೊಂದರೆ ಕಡಿಮೆಯಾಗಿತ್ತು. ಹಾಗಾಗಿ ಹಿಂದಿನ ರಾತ್ರಿಯ ಊಟ, ಮೂರು ಗಂಟೆಯ ಎಚ್ಚರ, ಇಡ್ಲಿ, ಕಾಫಿ, ಜೆಲ್ಲಿನ ಬ್ರ್ಯಾಂಡು ಎಲ್ಲವನ್ನೂ ಭಾನುವಾರದ ಉದ್ದ ಓಟಗಳಲ್ಲಿ ಮೊದಲೇ ಮಾಡಿ ನೋಡಿರಬೇಕು. ಜೊತೆಗೊಂದು ನೋಟ್‌ಬುಕ್ಕಿನಲ್ಲಿ ತಿಂದದ್ದು, ಹೋದ ಹೊತ್ತು, ಯಾವ ಕಿಲೋಮೀಟರಿನಲ್ಲಿ ಏನಾಯಿತು ಎಂದು ಬರೆದಿಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿದರೆ ನಾಲ್ಕೈದು ವಾರದಲ್ಲಿ ತಪ್ಪು ಎಲ್ಲಿದೆ ಎಂದು ಗೊತ್ತಾಗುತ್ತದೆ.

ಇಷ್ಟೆಲ್ಲ ಮಾಡಿಯೂ ದಾರಿಯಲ್ಲಿ ನುಲಿತ ಬಂದರೆ ವೇಗ ತಗ್ಗಿಸಿ ಅಥವಾ ನಡೆಯಬೇಕು. ಆಗ ರಕ್ತ ಕರುಳಿಗೆ ಮರಳುತ್ತದೆ, ಎಷ್ಟೋ ಸಲ ಐದು ನಿಮಿಷದಲ್ಲಿ ತಣ್ಣಗಾಗುತ್ತದೆ. ಇಲ್ಲದಿದ್ದರೆ ಸಿಕ್ಕ ಮೊದಲ ಶೌಚಾಲಯಕ್ಕೆ ಹೋಗುವುದೇ ಸರಿ. ಭೇದಿಯಾದವರು ಓಟ ಮುಗಿದ ಮೇಲೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿಯಲಿ. ಭೇದಿ ಕಟ್ಟುವ ಲೋಪೆರಮೈಡ್ ಮಾತ್ರೆಯನ್ನು ಪ್ರತಿ ಓಟಕ್ಕೂ ಮುಂಚೆ ನುಂಗುವವರಿದ್ದಾರೆ. ಅದು ಕಾರಣವನ್ನು ಸರಿಪಡಿಸುವುದಿಲ್ಲ, ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಒಂದು ವಿಷಯದಲ್ಲಿ ಮಾತ್ರ ಮನೆಯ ಉಪಾಯ ಸಾಲದು. ಮಲದಲ್ಲಿ ರಕ್ತ ಕಂಡರೆ ಅಥವಾ ಮಲ ಡಾಂಬರಿನಂತೆ ಕಪ್ಪಗಿದ್ದರೆ, ಓಟ ನಿಲ್ಲಿಸಿದ ಮೇಲೂ ಹೊಟ್ಟೆನೋವು ಗಂಟೆಗಟ್ಟಲೆ ಬಿಡದಿದ್ದರೆ, ಓಡದ ದಿನಗಳಲ್ಲೂ ಭೇದಿಯಾಗುತ್ತಿದ್ದರೆ, ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಅದನ್ನು ಓಟದ ಲೆಕ್ಕಕ್ಕೆ ಬರೆದು ಸುಮ್ಮನಾಗಬೇಡಿ. ನಾಚಿಕೆ ಬಿಟ್ಟು ತಕ್ಷಣ ವೈದ್ಯರ ಬಳಿ ಹೋಗಿ.