ತಾರಸಿ ತರಕಾರಿ ಕೈತೋಟ: ನಾರಿನ ಪುಡಿಯನ್ನು ತೊಳೆದು ಬಳಸಿ

ಕಿಬ್ಬನಹಳ್ಳಿ, ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ಭಾಗದಲ್ಲಿ ತೆಂಗಿನ ನಾರು ತೆಗೆದ ನಂತರ ಉಳಿಯುವ ಪುಡಿಯು ತಾರಸಿ ಕೈತೋಟಕ್ಕೆ ಬಹಳ ಉಪಯುಕ್ತ. ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಚೀಲಕ್ಕೆ ಬರೀ ಮಣ್ಣು ತುಂಬಿ ನೀರುಣಿಸಿದರೆ ತೂಕ 30 ಕಿ.ಗ್ರಾಂ. ಸಮೀಪಿಸುತ್ತದೆ. ನಾರಿನ ಪುಡಿ ಬೆರೆಸಿದರೆ ಈ ಭಾರ ಗಣನೀಯವಾಗಿ ತಗ್ಗುತ್ತದೆ ಮತ್ತು ತೇವಾಂಶವೂ ಹೆಚ್ಚು ಕಾಲ ಉಳಿಯುತ್ತದೆ.

ಆದರೆ ಹಸಿ ಪುಡಿಯಲ್ಲಿ ಲವಣ ಹಾಗೂ ಒಗರಿನ ಅಂಶಗಳಿರುತ್ತವೆ. ತೊಳೆಯದೆ ಬಳಸಿದಲ್ಲಿ ಮೊಳಕೆ ಕುಂಠಿತವಾಗಿ, ಎಲೆಯಂಚು ಸುಟ್ಟಂತಾಗುತ್ತದೆ. ಆದ್ದರಿಂದ ಪುಡಿಯನ್ನು ಡ್ರಮ್ಮಿನಲ್ಲಿ ರಾತ್ರಿಯಿಡೀ ನೆನೆಸಿ, ನೀರನ್ನು ಬಸಿಯಬೇಕು. ಬಸಿದ ನೀರು ಕಡುಕಂದು ಬಣ್ಣದಿಂದ ತಿಳಿ ಚಹಾದ ಬಣ್ಣಕ್ಕೆ ಬರುವವರೆಗೆ, ಸಾಮಾನ್ಯವಾಗಿ ಮೂರು ಬಾರಿ, ಹೀಗೆ ಮಾಡಬೇಕು. ಕೊಳವೆಬಾವಿಯ ನೀರು ಸವಳಾಗಿದ್ದಲ್ಲಿ ಮಳೆನೀರನ್ನೇ ಬಳಸುವುದು ಸೂಕ್ತ.

ತೊಳೆದರೂ ಪುಡಿಯು ಕೊಳೆಯುವಾಗ ಗಿಡಕ್ಕೆ ಸಲ್ಲಬೇಕಾದ ಸಾರಜನಕವನ್ನು ಸೂಕ್ಷ್ಮಾಣುಗಳು ಬಳಸಿಕೊಳ್ಳುತ್ತವೆ. ಕೆಳಗಿನ ಎಲೆಗಳು ಮೊದಲು ಹಳದಿಯಾಗುವುದು ಇದರ ಲಕ್ಷಣ. ಇದನ್ನು ತಪ್ಪಿಸಲು, ಮಳೆಗಾಲ ಕಳೆದು ಕಪ್ಪಾದ ಹಳೆಯ ರಾಶಿಯ ಪುಡಿಯನ್ನೇ ಆರಿಸಿಕೊಳ್ಳಿ.

ಆರು ಚೀಲಗಳಿಗೆ 12 ಲೀಟರ್ ಬಕೆಟ್ಟಿನ ಅಳತೆಯಲ್ಲಿ ಕೆಂಪು ಮಣ್ಣು, ತೊಳೆದ ನಾರಿನ ಪುಡಿ ಹಾಗೂ ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ತಲಾ ಮೂರು ಬಕೆಟ್ ಸಾಕು. ಪ್ರತಿ ಚೀಲಕ್ಕೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ. ಮಿಶ್ರಣವನ್ನು ತೇವವಾಗಿರಿಸಿ, ಹದಿನೈದು ದಿನಗಳ ನಂತರ ಬಿತ್ತನೆ ಮಾಡಿ. ಚೀಲದ ಬಾಯಿಯಿಂದ ಎರಡು ಅಂಗುಲ ಖಾಲಿ ಬಿಡಬೇಕು. ತಳದಲ್ಲಿ ರಂಧ್ರಗಳಿದ್ದು, ಚೀಲವನ್ನು ಇಟ್ಟಿಗೆಗಳ ಮೇಲಿರಿಸಿದರೆ ತಾರಸಿಯಲ್ಲಿ ನೀರು ನಿಲ್ಲದು.

ತೆಂಗಿನ ತೋಟದ ನಡುವಿನ ಮನೆಗಳಲ್ಲಿ ನೆರಳೇ ಮುಖ್ಯ ತೊಡಕು. ಬಿಸಿಲಿನ ದಿನ ಬೆಳಗ್ಗೆ 8ರಿಂದ ಸಂಜೆ 4ರವರೆಗೆ ಎರಡು ಗಂಟೆಗೊಮ್ಮೆ ನೆರಳಿನ ಅಂಚನ್ನು ಸೀಮೆಸುಣ್ಣದಿಂದ ಗುರುತಿಸಿ. ಜೂನ್‌ನಲ್ಲಿ ಬಿಸಿಲು ಬೀಳುವ ಜಾಗಕ್ಕೆ ಡಿಸೆಂಬರ್‌ನಲ್ಲಿ ದಕ್ಷಿಣ ದಿಕ್ಕಿನ ಮರಗಳ ನೆರಳು ಚಾಚಬಹುದು. ಹೀಗಾಗಿ ಎರಡೂ ಕಾಲದಲ್ಲಿ ನೋಡಬೇಕು. ನಾಲ್ಕು ಗಂಟೆ ನೇರ ಬಿಸಿಲಿದ್ದರೆ ಸೊಪ್ಪು ಬೆಳೆಯುತ್ತದೆ. ಮೆಣಸಿನಕಾಯಿ, ಬದನೆ, ಟೊಮೆಟೊಗಳಿಗೆ ಕನಿಷ್ಠ ಆರು ಗಂಟೆ ಬೇಕು. ಇಲ್ಲವಾದರೆ ಗಿಡ ನೀಳವಾಗಿ ಬೆಳೆದು ಕಾಯಿ ಕಚ್ಚುವುದಿಲ್ಲ.

ಮೊದಲ ಬೆಳೆಯಾಗಿ ಎರಡು ಚೀಲಗಳಲ್ಲಿ ಹರಿವೆ, ಎರಡರಲ್ಲಿ ಮೆಂತ್ಯ, ಹೆಚ್ಚು ಬಿಸಿಲು ಬೀಳುವ ಎರಡರಲ್ಲಿ ಮೂಲಂಗಿ ಬಿತ್ತಿರಿ. ಹರಿವೆಯ ಸಣ್ಣ ಬೀಜವನ್ನು ಮರಳಿನೊಂದಿಗೆ ಬೆರೆಸಿ ತೆಳುವಾಗಿ ಬಿತ್ತಬೇಕು. ಸೊಪ್ಪುಗಳು 25–30 ದಿನಗಳಲ್ಲಿ, ಮೂಲಂಗಿ 40–45 ದಿನಗಳಲ್ಲಿ ಕಟಾವಿಗೆ ಬರುತ್ತವೆ. ನಾರಿನ ಪುಡಿಯ ಮೇಲ್ಪದರ ಒಣಗಿದಂತೆ ಕಂಡರೂ ಒಳಗೆ ತೇವವಿರಬಹುದು; ಬೆರಳನ್ನು ಎರಡು ಅಂಗುಲ ಇಳಿಸಿ ನೋಡಿದ ಬಳಿಕವೇ ನೀರುಣಿಸಿ. ಈ ಬೆಳೆ ಮುಗಿದ ಮೇಲೆ, ಆರು ಗಂಟೆ ಬಿಸಿಲಿರುವ ಚೀಲಗಳಿಗೆ ಎರಡು ಹಿಡಿ ಎರೆಗೊಬ್ಬರ ಬೆರೆಸಿ, ಚೀಲಕ್ಕೊಂದರಂತೆ ಮೆಣಸಿನ ಅಥವಾ ಬದನೆ ಸಸಿ ನಾಟಿ ಮಾಡಬಹುದು.